ನೂರಕ್ಕೆ ಎಷ್ಟು?

ಮೊನ್ನೆ ಸಂಜೆ ನಾನು ಕಾಲೇಜಿನಿಂದ ಹಿಂದಿರುಗಿದಾಗ ನನ್ನ ಹತ್ತು ವರ್ಷದ ಮಗಳು ಮುಖ ಊದಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಕಿರುಪರೀಕ್ಷೆಯ ಅಂಕಪಟ್ಟಿ. ಕನ್ನಡದಲ್ಲಿ 20ಕ್ಕೆ 12, ಲೆಕ್ಕದಲ್ಲಿ 50ಕ್ಕೆ 30. ಎರಡರ ಮುಂದೆಯೂ ಶೇಕಡಾ 60 ಎಂದು ಬರೆದಿತ್ತು.

“ತಪ್ಪು ಬರೆದಿದ್ದಾರೆ, ಅಪ್ಪಾ. ಇಪ್ಪತ್ತೇ ಅಂಕದ ಪರೀಕ್ಷೆಯಲ್ಲಿ ಅರವತ್ತು ಎಲ್ಲಿಂದ ಬಂತು? ಹನ್ನೆರಡೂ ಮೂವತ್ತೂ ಒಂದೇ ಹೇಗಾಗುತ್ತದೆ?” ಎಂದಳು.

ನಾನು ಕನ್ನಡ ಎಂ.ಎ. ಅಲ್ಲವೇ? ಶಬ್ದದಿಂದಲೇ ಪ್ರಾರಂಭಿಸಿದೆ. ‘ಶತ’ವೆಂದರೆ ನೂರು, ‘ಪ್ರತಿಶತ’ವೆಂದರೆ ಪ್ರತಿಯೊಂದು ನೂರಕ್ಕೆ; ‘ಶೇಕಡಾ’ ಎಂಬುದು ಮರಾಠಿಯಲ್ಲಿಯೂ ಇರುವ ಮಾತು, ಅಲ್ಲಿಯೂ ಅದಕ್ಕೆ ನೂರೆಂದೇ ಅರ್ಥ. ಮಗಳು ಆಕಳಿಸಿದಳು. ಒಳಗಿನಿಂದ ನಮ್ಮಾಕೆ ಚಾಕೊಲೇಟಿನ ಒಂದು ಪಟ್ಟಿಯನ್ನು ತಂದು ನನ್ನ ಮುಂದಿಟ್ಟು, “ಇದರಲ್ಲಿ ಹೇಳಿ” ಎಂದಳು. ಅದರಲ್ಲಿ ಸರಿಯಾಗಿ 20 ತುಂಡುಗಳಿದ್ದವು.

“ಇದರಲ್ಲಿ ಶೇಕಡಾ 25 ಕೊಡು” ಎಂದೆ.

“ಇರುವುದೇ ಇಪ್ಪತ್ತು, ಇಪ್ಪತ್ತೈದು ಹೇಗೆ ಕೊಡಲಿ?”

ತೊಡಕು ಎಲ್ಲಿದೆಯೆಂದು ಆಗ ನನಗೆ ಹೊಳೆಯಿತು. ಅವಳ ಮನಸ್ಸಿನಲ್ಲಿ ಶೇಕಡಾ 25 ಎಂದರೆ 25 ತುಂಡು. ನಾನು ಒಂದು ತುಂಡಿನ ಮೇಲೆ ಚಾಕುವಿನಿಂದ ನಾಲ್ಕು ಗೆರೆಗಳನ್ನೆಳೆದು ಐದು ಚೂರುಗಳಂತೆ ತೋರಿಸಿದೆ. “ಪ್ರತಿಯೊಂದು ತುಂಡನ್ನೂ ಹೀಗೆಯೇ ಮಾಡಿದರೆ ಒಟ್ಟು ಎಷ್ಟು ಚೂರು?” “ನೂರು.” “ಆ ನೂರರಲ್ಲಿ 25 ಚೂರು ಬೇಕಾದರೆ ಎಷ್ಟು ತುಂಡು ಮುರಿಯಬೇಕು?” ಬೆರಳೆಣಿಸಿ, “ಐದು” ಎಂದಳು. ಒಡನೆಯೇ ಅಂಕಪಟ್ಟಿಯ ಕಡೆ ತಿರುಗಿ, “ಹಾಗಾದರೆ ಹನ್ನೆರಡು ತುಂಡಿಗೆ ಅರವತ್ತು ಚೂರು!” ಎಂದು ಕೂಗಿದಳು. ಐವತ್ತು ತುಂಡುಗಳ ಪಟ್ಟಿಯಾಗಿದ್ದರೆ ಒಂದೊಂದು ತುಂಡಿಗೆ ಎರಡೇ ಚೂರು. ಮೂವತ್ತು ತುಂಡಿಗೆ ಅರವತ್ತು. ಪಟ್ಟಿ ಚಿಕ್ಕದಿರಲಿ, ದೊಡ್ಡದಿರಲಿ, ಅದನ್ನು ನೂರು ಚೂರು ಮಾಡಿಯೇ ಎಣಿಸಬೇಕು. ಹಾಗೆ ಮಾಡಿದರೆ ಮಾತ್ರ ಕನ್ನಡದ ಹನ್ನೆರಡನ್ನೂ ಲೆಕ್ಕದ ಮೂವತ್ತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಪಾಠ ಮುಗಿಯಿತೆಂದು ನಾನು ಪತ್ರಿಕೆಯನ್ನು ಬಿಡಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಚಿಕ್ಕವನ ಅಳು ಕೇಳಿಸಿತು. ಅಕ್ಕ ತಾನು ಕಲಿತ ವಿದ್ಯೆಯನ್ನು ತಮ್ಮನ ಮೇಲೆ ಪ್ರಯೋಗಿಸಿದ್ದಳು. ಶೇಕಡಾ 50 ತನಗೆಂದು ಹತ್ತು ತುಂಡು ತೆಗೆದುಕೊಂಡಳು. ಬಳಿಕ, “ಉಳಿದದ್ದರಲ್ಲಿ ನಿನಗೂ ಶೇಕಡಾ 50” ಎಂದು ಐದು ತುಂಡು ಕೊಟ್ಟು, ಮಿಕ್ಕ ಐದನ್ನು ಡಬ್ಬಿಗೆ ಹಾಕಿದ್ದಳು. “ಇಬ್ಬರಿಗೂ ಐವತ್ತೇ ಅಪ್ಪಾ, ಸುಮ್ಮನೆ ಅಳುತ್ತಾನೆ!” ಎಂದು ಅವಳ ಸಮರ್ಥನೆ. ಅದರಲ್ಲಿ ವಂಚನೆಯಿರಲಿಲ್ಲ, ಅವಳು ನಿಜವಾಗಿಯೂ ಹಾಗೆಯೇ ನಂಬಿದ್ದಳು. ಎಣಿಸಲು ಬಾರದ ತಮ್ಮನಿಗೆ ಅನ್ಯಾಯವಾಗಿದೆಯೆಂಬುದು ಗೊತ್ತು, ಎಲ್ಲಿ ಎಂಬುದು ಗೊತ್ತಿಲ್ಲ.

ಅರ್ಧ ಪಾಠ ಹೇಳಿದ ಅಪರಾಧ ನನ್ನದು. ‘ನೂರಕ್ಕೆ ಎಷ್ಟು’ ಎಂಬುದನ್ನು ಕಲಿಸಿದ್ದೆ. ‘ಯಾವುದರ ನೂರಕ್ಕೆ’ ಎಂಬುದನ್ನು ಬಿಟ್ಟಿದ್ದೆ. ಮತ್ತೆ ಕುಳಿತೆವು. “ನೀನು ಇಪ್ಪತ್ತು ತುಂಡುಗಳನ್ನು ನೂರು ಚೂರು ಮಾಡಿದೆ, ಒಂದು ತುಂಡಿಗೆ ಐದು ಚೂರು. ಇವನಿಗೆ ಪಾಲು ಹಾಕುವಾಗ ಎದುರಿಗಿದ್ದ ತುಂಡುಗಳೆಷ್ಟು?” “ಹತ್ತು.” “ಆ ಹತ್ತನ್ನೇ ನೂರು ಚೂರು ಮಾಡಿದರೆ?” “ಒಂದು ತುಂಡಿಗೆ ಹತ್ತು ಚೂರು.” ಅವಳು ಕ್ಷಣಕಾಲ ಸುಮ್ಮನಾದಳು. “ಅಂದರೆ ಇವನ ಚೂರು ನನ್ನ ಚೂರಿನ ಅರ್ಧವೇ ಆಯಿತು, ಅಲ್ಲವೇ ಅಪ್ಪಾ?”

ಅಷ್ಟೇ ವಿಷಯ. ಇಬ್ಬರ ಚೂರುಗಳೂ ಎಣಿಕೆಗೆ ಐವತ್ತು. ಆದರೆ ಒಡೆದ ಪಟ್ಟಿ ಬೇರೆಯಾದ್ದರಿಂದ ಚೂರಿನ ಗಾತ್ರವೇ ಬೇರೆ. ಪೂರ್ತಿ ಪಟ್ಟಿಯ ಲೆಕ್ಕದಲ್ಲಿ ತಮ್ಮನಿಗೆ ಸಿಕ್ಕಿದ್ದು ಶೇಕಡಾ 25 ಮಾತ್ರ. ಅಂಗಡಿಯ ಬಾಗಿಲಿನಲ್ಲಿ ಶೇಕಡಾ 50 ಸೋಡಿ, ಅದರ ಮೇಲೆ ಇನ್ನೂ 50 ಎಂಬ ಫಲಕವನ್ನು ಕಂಡು ಸಾಮಾನು ಬಿಟ್ಟಿಯಾಗಿ ಬಂತೆಂದು ಹಿಗ್ಗುವ ದೊಡ್ಡವರೂ ಎಡವುವುದು ಇದೇ ಹೊಸ್ತಿಲಲ್ಲಿ. ನೂರು ರೂಪಾಯಿಯ ವಸ್ತುವಿಗೆ ಮೊದಲು ಐವತ್ತು ಇಳಿದು, ಉಳಿದ ಐವತ್ತರಲ್ಲಿ ಇಪ್ಪತ್ತೈದು ಇಳಿಯುತ್ತದೆ. ಇಪ್ಪತ್ತೈದನ್ನು ನಾವು ತೆತ್ತೇ ತೆರಬೇಕು.

ಮಗಳು ಡಬ್ಬಿಯಲ್ಲಿದ್ದ ಐದು ತುಂಡುಗಳನ್ನೂ ತಂದು ತಮ್ಮನ ಅಂಗೈಗೆ ಸುರಿದಳು. “ತಗೋ, ಉಳಿದದ್ದರಲ್ಲಿ ನಿನಗೆ ನೂರಕ್ಕೆ ನೂರು” ಎಂದಳು. ಅವನು ಕಣ್ಣೊರಸಿಕೊಂಡು, “ಅಕ್ಕನಿಗೆ ಐವತ್ತೇ!” ಎಂದು ನಕ್ಕ.

ಇಬ್ಬರ ಬಳಿಯೂ ಹತ್ತು ಹತ್ತು ತುಂಡುಗಳಿದ್ದವು. ಅವನ ಸಂತೋಷಕ್ಕೆ ಭಂಗ ತರಲು ನಾವು ಯಾರೂ ಬಾಯಿ ತೆರೆಯಲಿಲ್ಲ.