ಟಿವಿನೂ ಕೆಟ್ಟಿಲ್ಲ, ನಮ್ಮತ್ತಿ ಕಣ್ಣೂ ಕೆಟ್ಟಿಲ್ಲ

ಎಚ್‌ಡಿಆರ್ ಅಂತ ಚೀಟಿ ಹಚ್ಚಿ ಟಿವಿ ಮಾರಿ, ಅದನ್ನ ಹೆಂಗ ಇಟ್ಕೋಬೇಕು ಅಂತ ಒಂದು ಮಾತೂ ಹೇಳದವರ ಮ್ಯಾಲೆ ನನಗ ಭಾಳ ಸಿಟ್ಟದ ನೋಡ್ರಿ.

ನಮ್ಮತ್ತಿಯವರಿಗೆ ಹೋದ ವರ್ಷ ಮೋತಿಬಿಂದು ಆಪರೇಶನ್ ಆಗ್ಯದ. ಹೊಸಾ 43 ಇಂಚಿನ ಟಿವಿ ಬಂದಾಗಿಂದ ಮಧ್ಯಾಹ್ನ ಊಟ ಮುಗಿಸಿ ಸಿನೆಮಾ ಹಚ್ಚಿಕೊಂಡು ಕೂಡೋದು ಅವರ ರೂಢಿ. ಸ್ವಲ್ಪ ದಿನಾ ಆದಮ್ಯಾಲೆ ನೋಡ್ತೀನಿ, ಸಿನೆಮಾ ಬಿಟ್ಟು ಬರೇ ಧಾರಾವಾಹಿ! ಕೇಳಿದ್ರ, "ಸಿನೆಮಾದಾಗ ಎಲ್ಲಾ ಕತ್ತಲಿ ಕಾಣಸ್ತದವಾ. ಕಣ್ಣು ಮತ್ತ ಮಂಜಾತೋ ಏನೋ, ನಿಮ್ಮನ್ಯಾಕ ಗಾಬರಿ ಮಾಡ್ಲಿ ಅಂತ ಸುಮ್ಮನಿದ್ದೆ" ಅಂದ್ರು. ನನ್ನ ಎದಿ ಝಲ್ ಅಂತು. ಆಮ್ಯಾಲೆ ನಾನೂ ಕೂತು ನೋಡಿದೆ. ನನಗೂ ಕತ್ತಲೀನ.

ಅಂಗಡಿಯಿಂದ ಬಂದ ಹುಡುಗ ಎರಡು ನಿಮಿಷ ನೋಡಿ, "ಬ್ಯಾಕ್‌ಲೈಟ್ ಹೋಗ್ಯದ ಅಕ್ಕಾರ, ರಿಪೇರಿಗಿಂತ ಎಕ್ಸ್‌ಚೇಂಜ್ ಛಲೋ" ಅಂದ. ಅಲ್ರೀ, ಬ್ಯಾಕ್‌ಲೈಟ್ ಹೋಗಿದ್ರ ಧಾರಾವಾಹಿನೂ ಕತ್ತಲಿ ಆಗ್ಬೇಕಲ್ಲ? ಅದು ಝಗಝಗ ಅಂತದ. ಶುರು ಆಗೋ ಮುಂದ ಮೂಲ್ಯಾಗ `HDR` ಅಂತ ಮೂಡ್ತದಲ್ಲ, ಆ ಸಿನೆಮಾ ಅಷ್ಟ ಕತ್ತಲಿ.

ಗುಟ್ಟು ಏನಪಾ ಅಂದ್ರ, ಧಾರಾವಾಹಿಯಂಥಾ ಮಾಮೂಲಿ ವಿಡಿಯೋ ಟಿವಿಗೆ "ಇದು ಬಿಳೇದು" ಅಂತ ಅಷ್ಟ ಹೇಳ್ತದ. ಬೆಳಕಿನ ಅಳತಿಗೆ ನಿಟ್ ಅಂತಾರ. ಸ್ಟುಡಿಯೋದಾಗ ಆ ಬಿಳೇದನ್ನ 100 ನಿಟ್ ಇಟ್ಟು ತಯಾರ ಮಾಡಿರ್ತಾರ. ನಮ್ಮ ಟಿವಿ ಅದಕ್ಕ ತನ್ನ ಪೂರಾ ತಾಕತ್ತು ಹಾಕಿ ಸುಮಾರು 300 ನಿಟ್ ತೋರಸ್ತದ. ಮೂರು ಪಟ್ಟು!

ಸಿನೆಮಾ ಆ್ಯಪಿನ ಎಚ್‌ಡಿಆರ್ ಹಂಗಲ್ಲ. 2014ರಾಗ ಬಂದ ನಿಯಮದ ಪ್ರಕಾರ ಅದರಾಗ ಒಂದೊಂದು ಅಂಕಿಗೂ ಇಂತಿಷ್ಟ ನಿಟ್ ಅಂತ ಗೊತ್ತು ಮಾಡ್ಯಾರ, 10,000 ನಿಟ್ ತನಕ. ಬಿಳೇ ಕಾಗದ ಸುಮಾರು 203 ನಿಟ್, ಕಾರಿನ ದೀಪ 1000 ನಿಟ್, ರಾತ್ರಿ ಗೋಡಿ ಬರೇ ಎರಡೋ ಮೂರೋ ನಿಟ್. ಎಲ್ಲಾನೂ ಬೆಳ್ಳಗ ಮಾಡೋದಲ್ಲ ಎಚ್‌ಡಿಆರ್ ಅಂದ್ರ. ಕಾಗದ ಕಾಗದದಂಗ, ದೀಪ ದೀಪದಂಗ ಕಾಣ್ಲಿ ಅಂತ ಕತ್ತಲಿಗೂ ಬೆಳಕಿಗೂ ನಡುವಿನ ಅಂತರ ಹಿಗ್ಗಸೋದು.

ಈಗ 300 ನಿಟ್ಟಿನ ಟಿವಿ 1000 ನಿಟ್ಟಿನ ದೀಪ ಎಲ್ಲಿಂದ ತರಬೇಕು? ದೀಪ ಬರೇ ಬಿಳೇ ಮಚ್ಚಿ ಆಗಬಾರದು ಅಂತ ಅದಕ್ಕ ಮ್ಯಾಲೆ ಜಾಗ ಬಿಟ್ಟು, ಉಳಿದದ್ದನ್ನೆಲ್ಲಾ ಕೆಳಗ ಒತ್ತತದ. ಕಾಗದ 203 ಇದ್ದದ್ದು 150ಕ್ಕ ಇಳೀಬಹುದು. ಕಿಟಕಿಯಿಂದ ಬಿಸಲು ಬೀಳೋ ಪಡಸಾಲ್ಯಾಗ ಆ ಎರಡು ನಿಟ್ಟಿನ ಗೋಡಿ ಮಾಯ. ಪೆಟಗಿ ಮ್ಯಾಲಿನ ಚೀಟಿ ಹೇಳೋದು ಈ ಟಿವಿಗೆ ಎಚ್‌ಡಿಆರ್ ಭಾಷಾ ತಿಳೀತದ ಅಂತ ಅಷ್ಟ. ಅಡಗಿ ಪುಸ್ತಕ ಓದೋರಿಗೆಲ್ಲಾ ಅಡಗಿ ಬರ್ತದೇನ್ರೀ?

ನನ್ನ ತಮ್ಮನ ಮಗ ಒಬ್ಬಾಂವ ಇದ್ದಾನ, ಸಿನೆಮಾ ಹುಚ್ಚ. "ಅತ್ಯಾ, ನಿರ್ದೇಶಕರ ಮನಸ್ಸಿನ್ಯಾಗ ಹಂಗ ಇರ್ತದ, ಕತ್ತಲಿ ಮಾಡ್ಕೊಂಡು ನೋಡ್ರಿ" ಅಂತಾನ. ಖರೆ, ಆ ಅಂಕಿ ಕತ್ತಲಿ ಕೋಣಿಗೇ ಇಟ್ಟದ್ದು. ಆದ್ರ ನಡು ಮಧ್ಯಾಹ್ನ ಎಪ್ಪತ್ತು ದಾಟಿದವರನ್ನ ಕಿಟಕಿ ಮುಚ್ಚಿ ಕೂಡಸ್ಲೇನು?

ಮತ್ತೊಂದು ಸಿಟ್ಟು ಇದರ ಸೆಟ್ಟಿಂಗಿನದು. ಭಾಳಷ್ಟು ಟಿವಿಯೊಳಗ ಎಚ್‌ಡಿಆರ್‌ಗೆ ಬ್ಯಾರೇನ ಸೆಟ್ಟಿಂಗ್ ಇರ್ತದ. ನಮ್ಮನಿಯವರು ಧಾರಾವಾಹಿ ಹಚ್ಚಿಟ್ಟು ಮೂರು ಸಲ ಬೆಳಕು ಹೆಚ್ಚು ಮಾಡಿದ್ರು, ಸಿನೆಮಾಕ್ಕ ಒಂದು ಚೂರೂ ಹತ್ತಲಿಲ್ಲ. ಎಚ್‌ಡಿಆರ್ ಸಿನೆಮಾ ನಡೀತಿದ್ದಾಗನ ಮೆನುಕ ಹೋಗ್ಬೇಕು. ನಾನು ಹಂಗ ಹೋಗಿ ನೋಡಿದ್ರ `Energy Saving` ಆನ್ ಇತ್ತು, ಇದ್ದ 300 ನಿಟ್ಟಿಗೂ ಕತ್ತರಿ! ಅದನ್ನ ಆಫ್ ಮಾಡಿ, `Backlight` ಪೂರಾ ಏರಿಸಿ, `Dynamic Tone Mapping` ಆನ್ ಮಾಡಿದೆ. ಅದು ದೃಶ್ಯ ನೋಡಿಕೊಂಡು, ದೀಪ ಇಲ್ಲದಲ್ಲಿ ಸುಮ್ಮನ ಜಾಗ ಬಿಡದ ಕತ್ತಲಿನ ಮ್ಯಾಲೆ ಎತ್ತತದ. ಬ್ಯಾರೆ ಕಂಪನಿ ಟಿವಿಯೊಳಗ ಹೆಸರು ಬ್ಯಾರೆ ಇರ್ತಾವ.

`Brightness` ಅನ್ನೋದನ್ನ ಮಾತ್ರ ಮುಟ್ಟಬ್ಯಾಡ್ರಿ. ನಮ್ಮಂಥಾ ಟಿವಿಯೊಳಗ ಅದು ಕರೇ ಬಣ್ಣದ ಮಟ್ಟ ಏರಸ್ತದ, ಕತ್ತಲಿ ಹೋಗಿ ಬೂದಿ ಬಡದಂಗ ಆಗ್ತದ. ಇಷ್ಟು ಮಾಡಿದ್ರೂ ಕಾಣಸ್ಲಿಲ್ಲಂದ್ರ, ಸಿನೆಮಾ ಬರೋ ಡಬ್ಬಿಯೊಳಗ ಎಚ್‌ಡಿಆರ್ ಬಂದ್ ಮಾಡೋ ಸೌಲಭ್ಯ ಇದ್ರ ಸೀದಾ ಬಂದ್ ಮಾಡ್ರಿ. 300 ನಿಟ್ಟಿನ ಟಿವಿಗೆ ಹಗಲೊತ್ತು ಅದ ಮೇಲು. ಯಾರೂ ನಗೂದಿಲ್ಲ, ನಕ್ರ ನಗ್ಲಿ.

ಎಕ್ಸ್‌ಚೇಂಜ್ ಹುಡುಗ ಇನ್ನೂ ಫೋನ್ ಮಾಡ್ತಾನ. ನಮ್ಮತ್ತಿಯವರು ನಿನ್ನೆ ಅದ ಸಿನೆಮಾ ಮತ್ತ ಮೊದಲಿಂದ ಹಚ್ಚಿಸಿಕೊಂಡ್ರು, ಬಾವಿ ಹತ್ರ ನಿಂತಾಂವ ಯಾರು ಅಂತ ಅವರಿಗೆ ಅವತ್ತು ಕಂಡಿರಲಿಲ್ಲಂತ.