ಸ್ಕ್ರೀನ್ ಕರ್ರಗಾದಾಗ ಯಾವ ಕನ್ನಡ?

ಮೊಬೈಲ್ ಫೋನಿನ ತೊಂದರೆಗಳಿಗೆ ಪರಿಹಾರ ಹೇಳುವ ಕಿರುಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಅಂತರಜಾಲದಲ್ಲಿ ಇಡಬೇಕೆಂದು ನಾವು ಹೊರಟಾಗ ಮೊದಲ ಜಗಳ ಹುಟ್ಟಿದ್ದು ಶೀರ್ಷಿಕೆಯ ಮೇಲೆ. ಪಾಠದ ಒಳಗೆ ಏನಾದರೂ ಇರಲಿ, ತಲೆಬರಹವಾದರೂ ಶುದ್ಧ ಕನ್ನಡದಲ್ಲಿರಲಿ, ಗಡಿಯಾಚೆಯ ನಾವು ಕನ್ನಡವನ್ನು ಕೆಡಿಸಿದೆವೆಂಬ ಮಾತು ಬರಬಾರದು ಎಂದು ಹಿರಿಯರು ಹೇಳಿದರು. ಆ ಮಾತಿಗೆ ನಾವೂ ತಲೆಯಾಡಿಸಿದೆವು. ಅದು ತಪ್ಪೆಂದು ಈ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ. ಸಿಕ್ಕಿಬಿದ್ದವನು ಬೆರಳಿನಿಂದ ಒತ್ತಿ ಹುಡುಕುವ ಮಾತೇ ಇಂಥ ಪಾಠದ ಶೀರ್ಷಿಕೆಯಾಗಬೇಕು. ಬೇರೆ ಯಾವ ಶೀರ್ಷಿಕೆಯೂ ಅದಕ್ಕೆ ಸಲ್ಲದು ಎಂಬುದು ಈಗ ನಮ್ಮ ವಾದ.

ನಡೆದ ಒಂದು ಸಂಗತಿಯಿಂದಲೇ ತೊಡಗುತ್ತೇವೆ. ಅಕ್ಕಲಕೋಟೆ ಸೀಮೆಯ ಹಳ್ಳಿಯೊಂದರಲ್ಲಿರುವ ನಮ್ಮ ಬಳಗದ ಹಿರಿಯ ಕಾಕಿಯೊಬ್ಬರಿಗೆ ಪುಣೆಯಲ್ಲಿರುವ ಮಗನೊಡನೆ ದಿನವೂ ಸಂಜೆ ಮಾತನಾಡುವ ರೂಢಿ. ಒಂದು ದಿನ ಅವರ ಫೋನು ವಿಚಿತ್ರವಾಗಿ ವರ್ತಿಸತೊಡಗಿತು. ಕರೆ ಹೋಗುತ್ತಿತ್ತು, ಮಾತೂ ಕೇಳುತ್ತಿತ್ತು. ಆದರೆ ಫೋನನ್ನು ಕಿವಿಯಿಂದ ಇಳಿಸಿದರೂ ಪರದೆ ಬೆಳಗುತ್ತಿರಲಿಲ್ಲ. ಕರೆ ಮುಗಿಸುವ ಕೆಂಪು ಗುಂಡಿಯೇ ಕಾಣದು. ಆಚೆಯವರು ಕರೆ ಕಡಿದ ಮೇಲೆ ಪರದೆ ತಾನೇ ಬೆಳಗುತ್ತಿತ್ತು. ಮರಾಠಿ ಶಾಲೆಯಲ್ಲಿ ಓದುವ, ಮನೆಯಲ್ಲಿ ಕನ್ನಡವನ್ನೇ ಆಡುವ ಮೊಮ್ಮಗ ತನ್ನ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಹುಡುಕಿದ:

`phone madidre screen black agtada cut madlak baralla`

ಇದೇ ತೊಂದರೆಗೆ ನಾವು ಬರೆದ ಪಾಠ ಆಗಲೇ ಸಿದ್ಧವಾಗಿತ್ತು. ಅದರ ಶೀರ್ಷಿಕೆ ‘ಸಾಮೀಪ್ಯ ಸಂವೇದಕದ ವೈಫಲ್ಯ: ಕಾರಣ ಮತ್ತು ಪರಿಹಾರ’. ಹುಡುಗ ಟೈಪು ಮಾಡಿದ ಒಂದು ಪದವೂ ಅದರಲ್ಲಿರಲಿಲ್ಲ, ಆದ್ದರಿಂದ ಅದು ಅವನ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದಿದ್ದರೂ ಅದು ತನ್ನ ಆಯಿಯ ಫೋನಿನ ಮಾತೆಂದು ಅವನಿಗೆ ತಿಳಿಯುವ ದಾರಿಯಿರಲಿಲ್ಲ. ಮರುದಿನ ಫೋನು ಪೇಟೆಯ ದುರಸ್ತಿ ಅಂಗಡಿಗೆ ಹೋಯಿತು. ಡಿಸ್‌ಪ್ಲೇ ಬದಲಿಸಬೇಕು ಎಂದರು ಅಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯಲ್ಲಿ ಆ ಪೂಜಾರಿ ನಾವೇ ಆಗಿದ್ದೆವು.

ತೊಂದರೆಯಾದರೂ ಎಷ್ಟರದು? ಫೋನಿನ ಮೇಲ್ತುದಿಯಲ್ಲಿ, ಕಿವಿಗೆ ಮಾತು ಕೇಳಿಸುವ ಸೀಳಿನ ಬಳಿ, ಒಂದು ಪುಟ್ಟ ಕಣ್ಣಿರುತ್ತದೆ. ಅನೇಕ ಫೋನುಗಳಲ್ಲಿ ಅದು ನಮಗೆ ಕಾಣದ ಅವಕೆಂಪು ಬೆಳಕನ್ನು ಬಿಡುತ್ತದೆ. ಆ ಬೆಳಕು ಎದುರಿನ ಕೆನ್ನೆಗೆ ತಾಗಿ ಮರಳಿದರೆ ಫೋನು ಕಿವಿಗೆ ಬಂದಿದೆಯೆಂದು ತಿಳಿದು ಪರದೆಯನ್ನು ಆರಿಸುತ್ತದೆ. ಮಾತನಾಡುವಾಗ ಕೆನ್ನೆ ತಗುಲಿ ಬೇಡದ ಗುಂಡಿ ಒತ್ತಿಹೋಗದಿರಲೆಂದೇ ಈ ಏರ್ಪಾಡು. ಪರದೆಯ ಮೇಲೆ ಅಂಟಿಸಿದ ಗ್ಲಾಸು ಆ ಕಣ್ಣಿಗೆ ಅಡ್ಡವಾಗಿದ್ದರೆ, ಅಥವಾ ಅಲ್ಲಿ ಎಣ್ಣೆ, ಬೆವರು, ಧೂಳು ಕೂತಿದ್ದರೆ ಬೆಳಕು ಅಲ್ಲಿಂದಲೇ ಮರಳುತ್ತದೆ. ಕಿವಿ ದೂರ ಹೋದರೂ ಫೋನು ಇನ್ನೂ ಕಿವಿಯ ಬಳಿಯೇ ಇದ್ದೇನೆಂದು ತಿಳಿಯುತ್ತದೆ.

ಕಾಕಿಯ ಫೋನಿನಲ್ಲಿ ಆದದ್ದು ಇದೇ. ಹಿಂದಿನ ವಾರ ಸಂತೆಯಲ್ಲಿ ಹಾಕಿಸಿದ ಗ್ಲಾಸು ಮೇಲಕ್ಕೆ ಸರಿದು ಕೂತಿತ್ತು. ಅದನ್ನು ಕಿತ್ತು, ಒಣ ಮೆತ್ತನೆಯ ಬಟ್ಟೆಯಿಂದ ಮೇಲ್ತುದಿಯನ್ನು ಒರೆಸಿದ್ದೇ ಪರದೆ ಮೊದಲಿನಂತೆ ಬೆಳಗಿತು. ಪರೀಕ್ಷೆಯೂ ಸುಲಭ. ಯಾರಿಗಾದರೂ ಕರೆ ಮಾಡಿ, ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿದರೆ ಪರದೆ ಆರಬೇಕು, ಬೆರಳು ತೆಗೆದರೆ ಬೆಳಗಬೇಕು. ಗ್ಲಾಸು ತೆಗೆದು, ಒರೆಸಿ, ಫೋನನ್ನು ಒಮ್ಮೆ ಆರಿಸಿ ಹಚ್ಚಿದ ಮೇಲೂ ಹಾಗಾಗದಿದ್ದರೆ ಮಾತ್ರ ದುರಸ್ತಿಯ ಮಾತು. ಅಲ್ಲಿಯವರೆಗೆ ಇಯರ್‌ಫೋನ್ ಚುಚ್ಚಿ ಮಾತನಾಡಬಹುದು. ಆಗ ಸಾಮಾನ್ಯವಾಗಿ ಈ ಕಣ್ಣಿಗೆ ಕೆಲಸವಿರುವುದಿಲ್ಲ. ಅನೇಕ ಆಂಡ್ರಾಯ್ಡ್ ಫೋನುಗಳ `Settings` ಒಳಗೆ `Accessibility` ಎಂಬಲ್ಲಿ `Power button ends call` ಎಂಬ ಆಯ್ಕೆ ಇರುತ್ತದೆ. ಅದನ್ನು ಹಚ್ಚಿಟ್ಟರೆ ಪರದೆ ಕಾಣದಿದ್ದರೂ ಬದಿಯ ಗುಂಡಿಯಿಂದ ಕರೆ ಕಡಿಯಬಹುದು. ಇಷ್ಟೂ ನಮ್ಮ ಪಾಠದಲ್ಲಿತ್ತು. ಬಾಗಿಲ ಮೇಲೆ ಬರೆದ ಹೆಸರೊಂದೇ ತಪ್ಪಾಗಿತ್ತು.

ತಪ್ಪು ಎಲ್ಲಿದೆಯೆಂದು ನೋಡಬೇಕು. ‘ಸಾಮೀಪ್ಯ ಸಂವೇದಕ’ ಒಳ್ಳೆಯ ಪದವೇ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅದು ಕಾರಣದ ಹೆಸರು. ಸಿಕ್ಕಿಬಿದ್ದವನಿಗೆ ಗೊತ್ತಿರುವುದು ಲಕ್ಷಣ ಮಾತ್ರ. ಕಾರಣ ಗೊತ್ತಿದ್ದರೆ ಅವನು ಹುಡುಕುತ್ತಲೇ ಇರಲಿಲ್ಲ. ವೈದ್ಯರ ಬಳಿ ಹೋದವರು ‘ಹೊಟ್ಟಿ ನೋಯ್ತದರೀ, ಉಂಡ ಮ್ಯಾಲ ಜಾಸ್ತಿ ಆಗ್ತದ’ ಎನ್ನುತ್ತಾರೆಯೇ ಹೊರತು ಜಠರದ ರೋಗದ ಹೆಸರು ಹೇಳುವುದಿಲ್ಲ. ರೋಗದ ಹೆಸರನ್ನು ಮೊದಲು ಹೇಳಿದವರಿಗೆ ಮಾತ್ರ ಬಾಗಿಲು ತೆರೆಯುವ ವೈದ್ಯನಂತೆ ನಾವು ಕೂತಿದ್ದೆವು. ಆ ಪದವನ್ನು ಇಂಗ್ಲಿಷಿನಿಂದ ಬಿಡಿಸಿ ಅಚ್ಚಗನ್ನಡ ಮಾಡಿದರೂ ಈ ದೋಷ ಹೋಗುವುದಿಲ್ಲ. ‘ಹತ್ತಿರವರಿಕ’ ಎಂದು ಹೊಸ ಪದ ಕಟ್ಟಿದರೂ ಅದು ಕಾರಣದ ಹೆಸರೇ.

ಇದಕ್ಕೆ ಬದಲಾಗಿ ‘ಫೋನ್ ಮಾಡಿದಾಗ ಸ್ಕ್ರೀನ್ ಕಪ್ಪಾಗುತ್ತೆ, ಕಟ್ ಮಾಡೋಕೆ ಆಗಲ್ಲ’ ಎಂದು ಬರೆಯೋಣ. ಇದರಲ್ಲಿ ಮೂರು ಸಂಗತಿಗಳಿವೆ: ಯಾವಾಗ ಆಗುತ್ತದೆ, ಏನು ಕಾಣುತ್ತದೆ, ಯಾವ ಕೆಲಸ ನಿಂತಿದೆ. ‘ಫೋನ್ ಮಾಡಿದಾಗ’ ಎಂಬುದನ್ನು ಬಿಟ್ಟು ‘ಸ್ಕ್ರೀನ್ ಕಪ್ಪಾಗಿದೆ’ ಎಂದಷ್ಟೇ ಬರೆದರೆ ಫೋನು ಕೆಳಗೆ ಬಿದ್ದು ಪರದೆ ಸತ್ತವರೂ, ಬ್ಯಾಟರಿ ಬರಿದಾದವರೂ ಈ ಪಾಠಕ್ಕೇ ಬಂದು, ಗ್ಲಾಸು ಕಿತ್ತು ಒರೆಸುತ್ತ ಕೂರುತ್ತಾರೆ. ಆಡುಮಾತಿನ ಶೀರ್ಷಿಕೆ ಎಂದರೆ ಅಡ್ಡಾದಿಡ್ಡಿ ಶೀರ್ಷಿಕೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಪಾಂಡಿತ್ಯದ ಶೀರ್ಷಿಕೆಗಿಂತ ಆಡುಮಾತೇ ಹೆಚ್ಚು ಖಚಿತ ಎಂಬುದಕ್ಕೆ ಚಾರ್ಜಿನ ಮಾತನ್ನೇ ತೆಗೆದುಕೊಳ್ಳಬಹುದು. ‘ಚಾರ್ಜ್ ಆಗವಲ್ದು’ ಎಂದರೆ ತಂತಿ ಚುಚ್ಚಿದರೂ ಗುರುತೇ ಮೂಡುವುದಿಲ್ಲ. ತಂತಿ ಹಾಳಾಗಿರಬಹುದು, ತೂತಿನಲ್ಲಿ ಜೇಬಿನ ನೂಲು, ಧೂಳು ತುಂಬಿರಬಹುದು. ‘ಚಾರ್ಜ್ ಏರವಲ್ದು’ ಎಂದರೆ ಗುರುತು ಮೂಡುತ್ತದೆ, ಅಂಕಿ ಮಾತ್ರ ಮೇಲೇಳುವುದಿಲ್ಲ; ಚಾರ್ಜರು ದುರ್ಬಲವಿರಬಹುದು. ‘ಚಾರ್ಜ್ ನಿಲ್ಲವಲ್ದು’ ಎಂದರೆ ತುಂಬಿದ್ದು ಬೇಗ ಇಳಿದುಹೋಗುತ್ತದೆ. ಬ್ಯಾಟರಿ ಹಳೆಯದಾಗಿರಬಹುದು, ಯಾವುದೋ ಆ್ಯಪು ಹಿಂದಿನಿಂದ ಅದನ್ನು ಹೀರುತ್ತಿರಬಹುದು. ನಮ್ಮ ಹೊಲಗೇರಿಯ, ಮಗ್ಗದ ಮನೆಯ ಜನ ಒಂದೇ ಕ್ರಿಯಾಪದ ಬದಲಿಸಿ ಮೂರು ತೊಂದರೆಗಳನ್ನು ಬೇರ್ಪಡಿಸುತ್ತಾರೆ. ನಾವು ಅವೆಲ್ಲವನ್ನೂ ‘ವಿದ್ಯುತ್ಕೋಶ ನಿರ್ವಹಣೆ’ ಎಂಬ ಒಂದೇ ಮೂಟೆಗೆ ತುಂಬಿ ಬಾಯಿ ಕಟ್ಟಿದ್ದೆವು. ಇವೆರಡರಲ್ಲಿ ಬಡವಾದ ಕನ್ನಡ ಯಾವುದು?

ಇನ್ನು, ಆಡುಮಾತೆಂದರೆ ಯಾವ ಊರಿನದು ಎಂಬ ಆಕ್ಷೇಪಣೆಯಿದೆ, ಅದು ನ್ಯಾಯವಾದದ್ದು. ಸೊಲ್ಲಾಪುರದ ‘ಬರವಲ್ದು’ ಮೈಸೂರಿನಲ್ಲಿ ‘ಬರ್ತಿಲ್ಲ’, ಕಾಸರಗೋಡಿನಲ್ಲಿ ‘ಬರುವುದಿಲ್ಲ’. ಒಂದು ಶೀರ್ಷಿಕೆ ಎಲ್ಲರ ನಾಲಿಗೆಯನ್ನೂ ಹಿಡಿಯಲಾರದು. ಆದ್ದರಿಂದ ಎಲ್ಲ ಸೀಮೆಯವರಿಗೂ ತಿಳಿಯುವ ರೂಪವನ್ನು ಶೀರ್ಷಿಕೆಯಲ್ಲಿಟ್ಟು, ನಮ್ಮ ಸೀಮೆಯ ರೂಪವನ್ನು ಪಾಠದ ಮೊದಲ ಸಾಲಿನಲ್ಲೇ ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುವ ಮಕ್ಕಳಿಗಾಗಿ ಅದೇ ಮಾತನ್ನು ಆ ಅಕ್ಷರಗಳಲ್ಲೂ ಒಂದು ಸಾಲು ಕೊಡಬೇಕು. `agtilla`, `aagthilla`, `agvaldu` ಎಂದು ಬರಹ ಬಗೆಬಗೆಯಾಗಿರುತ್ತದೆ; ಎರಡು ಮೂರು ಬಗೆ ಸಾಕು, ಹತ್ತು ಬಗೆ ತುರುಕಿದರೆ ಪಾಠವೇ ಗೋಜಲಾಗುತ್ತದೆ. ಪರದೆಯ ಮೇಲೆ `Storage space running out` ಎಂಬಂಥ ಎಚ್ಚರಿಕೆ ಬಂದಿದ್ದರೆ ಜನ ಅದನ್ನೇ ನೋಡಿಕೊಂಡು ಒತ್ತುತ್ತಾರೆ. ಆ ಅಕ್ಷರಗಳನ್ನು ಅನುವಾದಿಸದೆ ಇದ್ದಂತೆಯೇ ಇಡಬೇಕು.

ಕನ್ನಡ ಕೆಡುತ್ತದೆ ಎಂಬ ಭಯಕ್ಕೆ ಉತ್ತರ ಕೊಟ್ಟು ಮುಗಿಸುತ್ತೇವೆ. ನಮ್ಮ ಸೊಲ್ಲಾಪುರ 12ನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆ. ಅವನೂ ಅವನ ಜೊತೆಗಾರ ಶರಣರೂ ಅನುಭಾವವನ್ನೇ ಜನದ ನುಡಿಗೆ ತಂದರು. ಅನುಭಾವಕ್ಕೆ ಸಾಕಾದ ನುಡಿ ಕೆಟ್ಟ ಫೋನಿಗೆ ಸಾಲದೆ? ‘ಸಾಮೀಪ್ಯ ಸಂವೇದಕ’ ಎಂಬ ಪದವನ್ನು ನಾವು ಕೈಬಿಟ್ಟಿಲ್ಲ. ತೊಂದರೆ ಬಗೆಹರಿದ ಮೇಲೆ, ಪಾಠದ ಕೊನೆಯಲ್ಲಿ, ಆ ಪುಟ್ಟ ಕಣ್ಣಿನ ಹೆಸರು ಇದು ಎಂದು ಕಲಿಸುತ್ತೇವೆ. ಫೋನು ಸರಿಹೋದ ಸಮಾಧಾನದಲ್ಲಿ ಓದಿದ ಪದ ನೆನಪಿನಲ್ಲಿ ಉಳಿಯುತ್ತದೆ. ಕನ್ನಡ ನಿಜವಾಗಿ ಕೆಡುವುದು, ಮನೆಯಲ್ಲಿ ಕನ್ನಡ ಆಡುವ ಹುಡುಗ ಕನ್ನಡದಲ್ಲಿ ಹುಡುಕಿ, ಏನೂ ಸಿಗದೆ, ಮುಂದಿನ ಸಲ ಮರಾಠಿಯಲ್ಲೋ ಹಿಂದಿಯಲ್ಲೋ ಹುಡುಕಿದಾಗ. ಆ ಮೊಮ್ಮಗ ಎರಡನೆಯ ಸಲ ಹಾಗೆಯೇ ಮಾಡಿದ. ಅವನನ್ನು ದೂರುವ ಹಕ್ಕು ನಮಗಿಲ್ಲ.

ಆದ್ದರಿಂದ ಈ ಸಮ್ಮೇಳನದಲ್ಲಿ ನೆರೆದ ಸಂಘಗಳ ಮುಂದೆ ಒಂದೇ ಬೇಡಿಕೆ ಇಡುತ್ತೇವೆ. ಪಾಠ ಬರೆದವರು ತಾವೇ ಶೀರ್ಷಿಕೆ ಇಡಬಾರದು. ಕೆಟ್ಟ ಫೋನನ್ನು ಒಬ್ಬ ಹಿರಿಯರ ಕೈಗೆ, ಒಬ್ಬ ಗೃಹಿಣಿಯ ಕೈಗೆ, ಒಬ್ಬ ಶಾಲೆಯ ಹುಡುಗನ ಕೈಗೆ ಕೊಟ್ಟು, ಕಾರಣ ಹೇಳದೆ, ‘ಏನಾಗ್ಯದ?’ ಎಂದು ಕೇಳಲಿ. ಮೂವರ ಬಾಯಿಂದ ಬಂದದ್ದನ್ನು ತಿದ್ದದೆ ವಹಿಯಲ್ಲಿ ಬರೆದುಕೊಳ್ಳಲಿ. ಮೂವರಲ್ಲೂ ಸಮಾನವಾಗಿ ಬಂದ ಮಾತೇ ಶೀರ್ಷಿಕೆ. ನಮ್ಮ ಹಳೆಯ ಪಾಠದ ತಲೆಬರಹವನ್ನು ನಾವು ಈಗಾಗಲೇ ಹೀಗೆ ಬದಲಿಸಿದ್ದೇವೆ. ಹೊಸದನ್ನು ಹೇಳಿಕೊಟ್ಟವರು ಕಾಕಿಯೇ.