ಬೋರ್ಡಿನ ಹೆಸರು, ಆ್ಯಪಿನ ಹೆಸರು

ಗಿಂಡಿಯಲ್ಲಿ ಬೀಚ್ ಕಡೆಯ ಲೋಕಲ್ ರೈಲು ಹತ್ತಿದರೆ ಸೈದಾಪೇಟೆ ಬಿಟ್ಟು ಮುಂದಿನದೇ ಮಾಂಬಲಂ. ಸ್ಟೇಷನ್ನಿನಿಂದ ಹೊರಬಿದ್ದರೆ ರಂಗನಾಥನ್ ಬೀದಿ, ಸರವಣ ಸ್ಟೋರ್ಸ್ ಹೆಸರಾದ ಜಾಗ. ಇವತ್ತು ಚೆನ್ನೈಯಲ್ಲಿ ಆ ಹೆಸರು ಒಬ್ಬರದಲ್ಲ. ಒಂದೇ ಕುಟುಂಬದ ಬೇರೆ ಬೇರೆ ಶಾಖೆಗಳು ‘ಸೂಪರ್ ಸರವಣ ಸ್ಟೋರ್ಸ್’, ‘ಸರವಣ ಸೆಲ್ವರತ್ನಂ’ ಎಂದು ಬೇರೆ ಬೇರೆ ಬೋರ್ಡು ಹಾಕಿಕೊಂಡಿವೆ. ಬೀದಿಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ಕಟ್ಟಡ, ಬಣ್ಣ, ತಿರುವು ನೋಡಿ ಗಿರಾಕಿ ತನ್ನ ಅಂಗಡಿಯನ್ನು ಗುರುತಿಸುತ್ತಾನೆ.

ಫೋನಿನಲ್ಲಿ ತಿರುವೂ ಇಲ್ಲ, ಕಟ್ಟಡವೂ ಇಲ್ಲ. ಪ್ಲೇ ಸ್ಟೋರಿನಲ್ಲಿ ಆ್ಯಪಿನ ಹೆಸರಿಗೆ 30 ಅಕ್ಷರಗಳ ಮಿತಿ. ಐಕಾನಿನ ಕೆಳಗೆ ಕಾಣುವುದು ಸುಮಾರು ಹನ್ನೆರಡು. ಇಂಥ ಹೆಸರುಗಳನ್ನು ಹಾಗೇ ಇಟ್ಟರೆ ಅಲ್ಲಿ ಉಳಿಯುವುದು Super Sarava… ಮತ್ತು Saravana Sel… ಅಷ್ಟೇ. ಬೇರ್ಪಡಿಸಬೇಕಾದ ಪದವೇ ತುಂಡಾಗುತ್ತದೆ. ಹಾಗಾಗಿ ಹಳೇ ಅಂಗಡಿಯ ಆ್ಯಪಿಗೆ ಅಂಗಡಿಯ ಹೆಸರೇ ಇರಲಿ ಎನ್ನುವ ಮೊದಲು, ಆ ಹೆಸರಿನಲ್ಲಿ ಗುರುತು ಎಲ್ಲಿದೆ ಎಂದು ನೋಡಬೇಕು. ಗುರುತಿನ ಪದ ಮೊದಲು ಬರಬೇಕು.

ಎರಡನೆಯದು ಮಾತು ಉಳಿಸಿಕೊಳ್ಳುವ ಪ್ರಶ್ನೆ. ಹೆಸರು ಒಂದು ಭರವಸೆ: ಇದೇ ಬೆಲೆ, ಇದೇ ಮಾಲು, ಸರಿಯಿಲ್ಲದಿದ್ದರೆ ಇಲ್ಲೇ ವಾಪಸ್. ಡಿಮಾರ್ಟ್ ತನ್ನ ಆನ್‌ಲೈನ್ ವ್ಯಾಪಾರಕ್ಕೆ ‘ಡಿಮಾರ್ಟ್ ರೆಡಿ’ ಎಂದು ಹೆಸರಿಟ್ಟದ್ದು ಈ ದೃಷ್ಟಿಯಿಂದ ಸರಿಯಾದ ನಡೆ. ಅದನ್ನು ನಡೆಸುವುದು ಅವೆನ್ಯೂ ಇ-ಕಾಮರ್ಸ್ ಎಂಬ ಅಂಗಸಂಸ್ಥೆ. ಮನೆಗೆ ತಲುಪಿಸುವುದು, ಪಿಕಪ್ ಪಾಯಿಂಟು ಎಂಬ ಹೊಸ ಕೆಲಸಗಳೂ ಸೇರಿದವು. ಮೊದಲ ಪದ ನಂಬಿಕೆಯನ್ನು ತಂದಿತು, ಎರಡನೆಯದು ಇದು ಅಂಗಡಿಯಂತೆಯೇ ಅಲ್ಲ ಎಂದು ಹೇಳಿತು.

ರಿಲಯನ್ಸ್ ಬೇರೆ ದಾರಿ ಹಿಡಿಯಿತು. ಅದರ ‘ಫ್ರೆಶ್’ ಅಂಗಡಿಗಳು 2006ರಿಂದಲೇ ಇದ್ದರೂ 2020ರಲ್ಲಿ ಹಲವು ನಗರಗಳಿಗೆ ಬಂದ ಆ್ಯಪ್ ‘ಜಿಯೋಮಾರ್ಟ್’. ಇದಕ್ಕೂ ಕಾರಣ ಕಾಣುತ್ತದೆ. ಬೀದಿಯ ಕಿರಾಣಿ ಅಂಗಡಿಗಳನ್ನೂ ಸೇರಿಸಿಕೊಳ್ಳುವ ಯೋಜನೆಗೆ ತನ್ನದೇ ಒಂದು ಅಂಗಡಿಯ ಹೆಸರು ಹೊಂದುವುದಿಲ್ಲ. ಆದರೆ ಜಿಯೋದಂತೆ ಫೋನಿನ ಮೂಲಕ ಮನೆಮಾತಾದ ಇನ್ನೊಂದು ಹೆಸರು ಎಷ್ಟು ವ್ಯಾಪಾರಿಗಳ ಬಳಿ ಇದೆ? ಒಂದೇ ಊರಿನ ಜವಳಿ ಅಂಗಡಿ ಹೊಸ ಹೆಸರಿಟ್ಟರೆ ಅದನ್ನು ಗಿರಾಕಿಗೆ ಮೊದಲಿನಿಂದ ಪರಿಚಯ ಮಾಡಿಸುವ ಖರ್ಚೆಲ್ಲ ಅದರ ಮೇಲೇ.

ಹಾಗಾದರೆ ನಿರ್ಧಾರ ಹೇಗೆ? ಆ್ಯಪಿನಲ್ಲಿ ಕೊಂಡ ಸೀರೆಯನ್ನು ಅಂಗಡಿಯ ಕೌಂಟರಿನಲ್ಲಿ ಬದಲಾಯಿಸಿಕೊಡುತ್ತಾರೆಯೇ ಎಂದು ಕೇಳಿ. ಕೊಡುತ್ತಾರೆ ಎಂದಾದರೆ ಅಂಗಡಿಯ ಹೆಸರನ್ನೇ ಇಡಲಿ. ‘ಅದು ಆನ್‌ಲೈನಿನದು, ನಮಗೆ ಸಂಬಂಧವಿಲ್ಲ’ ಎಂದು ಕೌಂಟರಿನವರು ಹೇಳುವುದಾದರೆ, ಪಕ್ಕಕ್ಕೊಂದು ‘ರೆಡಿ’ಯಂಥ ಪದವಾದರೂ ಬೇಕು. ಇಲ್ಲವಾದರೆ ಆ್ಯಪಿನ ಒಂದೊಂದು ದೂರೂ ನೇರ ಬಂದು ಬೋರ್ಡಿಗೇ ಅಂಟಿಕೊಳ್ಳುತ್ತದೆ.